ತೆರೆ ಒಂದು, ತಲೆ ಎಷ್ಟು? ನೇರ ಪ್ರಸಾರದ ವೀಕ್ಷಕರ ಲೆಕ್ಕ



ವೈದ್ಯಕೀಯ ನೆರವು ನಿಧಿಗಾಗಿ ಆನ್‌ಲೈನ್ ಕಾರ್ಯಕ್ರಮ ನಡೆಸುವ ಸಂಘಗಳೆಲ್ಲ ಕಾರ್ಯಕ್ರಮ ಮುಗಿದ ಮರುದಿನ ಒಂದು ಪ್ರಶ್ನೆ ಎದುರಿಸುತ್ತವೆ. ಹೆಸರು ನೋಂದಾಯಿಸಿದವರು 240 ಮಂದಿ, ಯೂಟ್ಯೂಬ್ ತೋರಿಸಿದ ಅತಿ ಹೆಚ್ಚಿನ ವೀಕ್ಷಕರ ಸಂಖ್ಯೆ 128. ಹಾಗಾದರೆ ಅರ್ಧದಷ್ಟು ಜನ ಬರಲೇ ಇಲ್ಲವೇ? ಸಮಿತಿಯಲ್ಲಿ ಒಬ್ಬರು ಹಾಗೆನ್ನುತ್ತಾರೆ. ಇನ್ನೊಬ್ಬರು, "ನಮ್ಮ ಮನೆಯಲ್ಲೇ ಐದು ಜನ ಟಿ.ವಿ. ಮುಂದೆ ಕೂತಿದ್ದೆವು, 128ನ್ನು ಐದರಿಂದ ಗುಣಿಸಿ" ಎನ್ನುತ್ತಾರೆ. ಎರಡು ಉತ್ತರವೂ ಸರಿಯಲ್ಲ. ಸರಿಯಾದ ಉತ್ತರಕ್ಕೆ ಹೇಗೆ ಹೋಗಬೇಕೆಂದು ಇಲ್ಲಿ ಬರೆದಿದ್ದೇನೆ. ಇದರಲ್ಲಿ ದೊಡ್ಡ ಗಣಿತವಿಲ್ಲ, ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದ ತಾಳೆ ನೋಡುವ ಕೆಲಸವಷ್ಟೇ ಇದೆ.

ಸಂಖ್ಯೆಗಳು ಎಣಿಸುವುದು ಬೇರೆ ಬೇರೆ ವಸ್ತುಗಳನ್ನು

ನೋಂದಣಿ ಪಟ್ಟಿಯ ಒಂದು ಸಾಲು ಎಂದರೆ ಒಂದು ಹೆಸರು. ನೇರ ಪ್ರಸಾರದ ಕೆಳಗೆ ಏರಿಳಿಯುವ ಸಂಖ್ಯೆ ಆ ಕ್ಷಣದಲ್ಲಿ ಪ್ರಸಾರ ತೆರೆದಿರುವ ಮೊಬೈಲು, ಟಿ.ವಿ., ಕಂಪ್ಯೂಟರುಗಳದ್ದು, ಅಂದರೆ ತೆರೆಗಳದ್ದು. ತೆರೆಯ ಮುಂದೆ ಕೂತವರನ್ನು ಅದು ನೋಡಲಾರದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ತೆರೆ ಒಂದು ಖಾತೆ. ಅದು ಒಬ್ಬರದೂ ಇರಬಹುದು, ಜಂಟಿ ಖಾತೆಯೂ ಇರಬಹುದು. ಖಾತೆಗಳನ್ನು ಎಣಿಸಿ ಗ್ರಾಹಕರು ಇಷ್ಟು ಎನ್ನಲಾಗದು.

ತೆರೆಗಳ ಸಂಖ್ಯೆಯಲ್ಲೂ ಎರಡು ಬಗೆಯಿದೆ. ಪೀಕ್ ಎನ್ನುವುದು ಅತಿ ಹೆಚ್ಚು ತೆರೆಗಳು ಒಟ್ಟಿಗೆ ತೆರೆದಿದ್ದ ಒಂದು ಕ್ಷಣದ ಬಾಕಿ. ಆರು ಗಂಟೆಗೆ ಬಂದು ಆರೂವರೆಗೆ ಎದ್ದವರು, ಏಳಕ್ಕೆ ಬಂದವರು ಒಂದೇ ಕ್ಷಣದಲ್ಲಿ ಸಿಗುವುದಿಲ್ಲ. ಹಾಗಾಗಿ ಇಡೀ ಸಂಜೆ ಬಂದುಹೋದ ತೆರೆಗಳು ಪೀಕ್‌ಗಿಂತ ಹೆಚ್ಚಿರುವುದೇ ಸಾಮಾನ್ಯ. ಸರಾಸರಿ ಎನ್ನುವುದು ಕಾರ್ಯಕ್ರಮದುದ್ದಕ್ಕೂ ಇದ್ದ ತೆರೆಗಳ ಸರಾಸರಿ. ಇದು ಮುಂದೆ ತಾಳೆ ನೋಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

'ವ್ಯೂಸ್' ಎಂಬ ದೊಡ್ಡ ಸಂಖ್ಯೆಯನ್ನು ಈ ಕೆಲಸಕ್ಕೆ ಬಿಟ್ಟುಬಿಡಿ. ಒಬ್ಬರೇ ಮೂರು ಸಲ ತೆರೆದರೂ ಅದು ಏರುತ್ತದೆ, ಮರುದಿನ ರೆಕಾರ್ಡಿಂಗ್ ನೋಡಿದವರೂ ಸೇರುತ್ತಾರೆ. 'ಯೂನಿಕ್ ವ್ಯೂವರ್ಸ್' ಎನ್ನುವುದು ಯೂಟ್ಯೂಬ್ ತನ್ನ ವಿಧಾನದಲ್ಲಿ ಮಾಡಿದ ಅಂದಾಜು. ಅಂದಾಜಿನ ಮೇಲೆ ನಮ್ಮ ಇನ್ನೊಂದು ಅಂದಾಜನ್ನು ಗುಣಿಸಿದರೆ ಎರಡರ ತಪ್ಪೂ ಒಟ್ಟುಗೂಡುತ್ತದೆ.

ಮೊದಲು ಪಟ್ಟಿಯನ್ನು ಮನೆವಾರು ಮಾಡಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯ ಒಂದು ಸಣ್ಣ ಕನ್ನಡ ಸಂಘ ಡಯಾಲಿಸಿಸ್ ನೆರವಿಗಾಗಿ ಭಾನುವಾರ ಸಂಜೆ 6ರಿಂದ 7.30ರವರೆಗೆ ಭಾವಗೀತೆಗಳ ನೇರ ಪ್ರಸಾರ ನಡೆಸಿತು ಎನ್ನೋಣ. ನೋಂದಣಿ 240, ಪೀಕ್ 128, ಸರಾಸರಿ 96. ಒಬ್ಬ ಹಿತೈಷಿಗಳು ನೋಡಿದ ಪ್ರತಿಯೊಬ್ಬರಿಗೆ 100 ರೂಪಾಯಿಯಂತೆ ನಿಧಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಸಂಖ್ಯೆ ಕಡಿಮೆ ಹೇಳಿದರೆ ರೋಗಿಗೆ ನಷ್ಟ. ಹೆಚ್ಚು ಹೇಳಿದರೆ ದಾನಿಯ ನಂಬಿಕೆಗೆ ಪೆಟ್ಟು.

ಪಟ್ಟಿಯಲ್ಲಿ ಒಂದೇ ಮೊಬೈಲ್ ನಂಬರು ಎರಡು ಸಲ ಬಂದ ಸಾಲುಗಳು 11 ಸಿಕ್ಕವು. ಅವನ್ನು ತೆಗೆದರೆ ಉಳಿದ ಹೆಸರು 229. ವಿಳಾಸ ನೋಡಿ ಒಂದೇ ಮನೆಯವರನ್ನು ಒಟ್ಟು ಸೇರಿಸಿದರೆ 169 ಮನೆಗಳಾದವು. ಗಂಡ ಹೆಂಡತಿ ಇಬ್ಬರೂ ನೋಂದಾಯಿಸಿ ಒಂದೇ ಟಿ.ವಿ.ಯಲ್ಲಿ ನೋಡಿದ ಮನೆ ಬೇಕಾದಷ್ಟಿರುತ್ತವೆ. ಅಂಥಲ್ಲಿ ಎರಡು ನೋಂದಣಿಗೆ ಒಂದೇ ತೆರೆ. 240ಕ್ಕೂ 128ಕ್ಕೂ ನಡುವಿನ ಅಂತರದಲ್ಲಿ ದೊಡ್ಡ ಪಾಲು ಇದೇ, ಗೈರುಹಾಜರಿಯಲ್ಲ. ಆದ್ದರಿಂದ "ನೀವು ಬರಲಿಲ್ಲ" ಎಂದು ಯಾರಿಗೂ ಸಂದೇಶ ಕಳಿಸಬೇಡಿ. ಯಾರು ನೋಡಿದರೆಂಬ ಹೆಸರುಪಟ್ಟಿಯನ್ನು ಯೂಟ್ಯೂಬ್ ಕೊಡುವುದಿಲ್ಲ. ಚಾಟ್‌ನಲ್ಲಿ ಬರೆದವರ ಹೆಸರಷ್ಟೇ ಕಾಣುತ್ತದೆ, ಸುಮ್ಮನೆ ಕೂತು ಕೇಳಿದವರದು ಕಾಣುವುದಿಲ್ಲ.

ಈ 169ರಲ್ಲಿ ಒಂದು 'ಮನೆ' ನಿಜವಾಗಿ ಒಂದು ಹೌಸಿಂಗ್ ಸೊಸೈಟಿಯ ಸಭಾಂಗಣ. ಅಲ್ಲಿ ಪ್ರೊಜೆಕ್ಟರ್ ಇಟ್ಟು ಎಲ್ಲರೂ ಒಟ್ಟಿಗೆ ನೋಡಿದರು. ಅದನ್ನು ಪಕ್ಕಕ್ಕಿಡಿ, ಕಾರಣ ಮುಂದೆ ಹೇಳುತ್ತೇನೆ. ಉಳಿದದ್ದು 168 ಮನೆ.

ಕೇಳಬೇಕಾದದ್ದು ಮನೆಯನ್ನು, ತಲೆಯನ್ನಲ್ಲ

ಯಂತ್ರಕ್ಕೆ ತಲೆ ಎಣಿಸಲು ಬಾರದಿದ್ದರೆ ಜನರನ್ನೇ ಕೇಳಬೇಕು. ಟಿ.ವಿ. ವೀಕ್ಷಕರ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯೂ ಇದನ್ನೇ ಮಾಡುತ್ತದೆ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಮನೆಯ ಪ್ರತಿ ಸದಸ್ಯರಿಗೂ ಒಂದು ಬಟನ್ ಕೊಡುತ್ತದೆ. ನೋಡುತ್ತಿರುವವರು ತಮ್ಮ ಬಟನ್ ಒತ್ತಬೇಕು. ಚಾನೆಲ್ ಯಾವುದೆಂದು ಮೀಟರ್ ತಾನೇ ತಿಳಿಯುತ್ತದೆ, ಎದುರಿಗಿರುವವರು ಯಾರೆಂದು ಮನುಷ್ಯರೇ ಹೇಳಬೇಕು.

ಆದರೆ ಕೇಳುವ ರೀತಿಯಲ್ಲಿ ಒಂದು ಬಲೆಯಿದೆ. ಹೆಚ್ಚಿನ ಸಂಘಗಳು ವಾಟ್ಸಾಪ್ ಗುಂಪಿನಲ್ಲಿ "ನಿಮ್ಮ ಜೊತೆ ಎಷ್ಟು ಜನ ನೋಡಿದರು?" ಎಂದು ಕೇಳಿ, ಬಂದ ಉತ್ತರಗಳ ಸರಾಸರಿ ತೆಗೆಯುತ್ತವೆ. ಐದು ಮನೆ ತೆಗೆದುಕೊಳ್ಳಿ. ಮೂರು ಮನೆಯಲ್ಲಿ ಒಬ್ಬೊಬ್ಬರು, ಒಂದರಲ್ಲಿ ಇಬ್ಬರು, ಒಂದರಲ್ಲಿ ಐವರು ನೋಡಿದರು. ಒಟ್ಟು ಹತ್ತು ಜನ, ಐದು ತೆರೆ, ತೆರೆಗೆ ಸರಾಸರಿ ಇಬ್ಬರು. ಈಗ ಹತ್ತು ಜನರೂ ಗುಂಪಿನಲ್ಲಿ ಉತ್ತರಿಸಿದರೆ? 'ಒಂದು' ಎಂಬ ಉತ್ತರ ಮೂರು ಸಲ, 'ಎರಡು' ಎರಡು ಸಲ, 'ಐದು' ಐದು ಸಲ ಬರುತ್ತದೆ. ಒಟ್ಟು 32, ಹತ್ತರಿಂದ ಭಾಗಿಸಿದರೆ 3.2. ಯಾರೂ ಸುಳ್ಳು ಹೇಳಿಲ್ಲ. ಆದರೂ ಎರಡು ಇದ್ದದ್ದು ಮೂರಕ್ಕಿಂತ ಹೆಚ್ಚಾಯಿತು, ಏಕೆಂದರೆ ದೊಡ್ಡ ಮನೆಯ ಸಂಗತಿ ಐದು ಬಾಯಿಂದ ಐದು ಸಲ ಬಂತು. ಇದಲ್ಲದೆ ಇಡೀ ಮನೆ ಕೂತು ಸಂತೋಷಪಟ್ಟವರೇ ಮೊದಲು ಉತ್ತರಿಸುತ್ತಾರೆ, ನೋಡದವರು ಸುಮ್ಮನಿರುತ್ತಾರೆ.

ಆದ್ದರಿಂದ ಉತ್ತರ ಬರಲೆಂದು ಕಾಯದೆ ನಾವೇ ಆರಿಸಿ ಫೋನ್ ಮಾಡಬೇಕು. 168 ಮನೆಗಳ ಪಟ್ಟಿಗೆ ಕ್ರಮಸಂಖ್ಯೆ ಹಾಕಿ, 1ರಿಂದ 4ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ ನಾಲ್ಕನೆಯ ಮನೆ ಹಿಡಿಯಿರಿ. 42 ಮನೆ ಸಿಗುತ್ತವೆ. ಫೋನ್ ಎತ್ತದ ಮನೆಗೆ ಬದಲಾಗಿ ಪಕ್ಕದ ಹೆಸರನ್ನು ಹಿಡಿಯಬಾರದು, ಅದೇ ಮನೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕು. ನೆನಪು ಮಾಸುವ ಮೊದಲು ಮೂರು ದಿನದೊಳಗೆ ಮುಗಿಸಬೇಕು. ಕೇಳಬೇಕಾದದ್ದು ಇಷ್ಟೇ: ನೋಡಲು ಅನುಕೂಲವಾಯಿತೇ, ಎಷ್ಟು ತೆರೆಯಲ್ಲಿ ನೋಡಿದಿರಿ, ಕಾಲು ಗಂಟೆಗಿಂತ ಹೆಚ್ಚು ಕೂತವರು ಎಷ್ಟು ಜನ, ಸುಮಾರು ಎಷ್ಟು ಹೊತ್ತು ತೆರೆದಿತ್ತು. ಆ ಕರೆಯಲ್ಲಿ ದೇಣಿಗೆಯ ಮಾತು ಎತ್ತಬೇಡಿ. ಎತ್ತಿದರೆ ದಾಕ್ಷಿಣ್ಯಕ್ಕೆ "ಹೌದು, ನೋಡಿದೆವು" ಎನ್ನುವವರು ಹೆಚ್ಚುತ್ತಾರೆ.

ಲೆಕ್ಕ

42 ಮನೆಗಳಲ್ಲಿ 28 ಮನೆಯವರು ನೋಡಿದ್ದರು ಎನ್ನೋಣ. ಅವರು ಬಳಸಿದ ತೆರೆ 30, ಏಕೆಂದರೆ ಎರಡು ಮನೆಯಲ್ಲಿ ಟಿ.ವಿ. ಒಂದು ಕಡೆ, ಮೊಬೈಲ್ ಇನ್ನೊಂದು ಕಡೆ ಇತ್ತು. ಕೂತವರು 66 ಜನ. ತೆರೆ ತೆರೆದಿದ್ದ ಒಟ್ಟು ಸಮಯ 31 ಗಂಟೆ. ನಾಲ್ಕರಲ್ಲಿ ಒಂದು ಮನೆ ಕೇಳಿದ್ದರಿಂದ ಎಲ್ಲವನ್ನೂ ನಾಲ್ಕರಿಂದ ಗುಣಿಸಿ. 112 ಮನೆ, 120 ತೆರೆ, 264 ಜನ, 124 ಗಂಟೆ. ಅಂದರೆ ನೋಂದಾಯಿಸಿದ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲು ಬಂದಿವೆ, ತೆರೆಗೆ 2.2 ಜನ.

ಸಭಾಂಗಣವನ್ನು ಪಕ್ಕಕ್ಕಿಟ್ಟ ಕಾರಣ ಈಗ ತಿಳಿಯುತ್ತದೆ. ಅಲ್ಲಿ 6.30ಕ್ಕೆ ಎಣಿಸಿದಾಗ 45 ಜನ, 7.15ಕ್ಕೆ 41. ಅದು ನಮ್ಮ 42ರಲ್ಲಿ ಸೇರಿದ್ದರೆ ನಾಲ್ಕರಿಂದ ಗುಣಿಸಿದಾಗ 45 ಹೋಗಿ 180 ಆಗುತ್ತಿತ್ತು. ಇದ್ದ ಒಂದು ಸಭಾಂಗಣ ಲೆಕ್ಕದಲ್ಲಿ ನಾಲ್ಕಾಗುತ್ತಿತ್ತು. ಸೇರದೆ ಹೋಗಿದ್ದರೆ ಅಷ್ಟೂ ಜನ ಲೆಕ್ಕದಿಂದಲೇ ಬಿಟ್ಟುಹೋಗುತ್ತಿದ್ದರು. ಇಂಥ ದೊಡ್ಡ ಕೂಟಗಳನ್ನು ಅಂದಾಜಿಗೆ ಬಿಡದೆ ಅಲ್ಲೇ ಒಬ್ಬರಿಂದ ತಲೆ ಎಣಿಸಿ ಬೇರೆಯಾಗಿ ಕೂಡಿಸಬೇಕು.

ಇನ್ನು ತಾಳೆ. ಸರಾಸರಿ 96 ತೆರೆ, ಒಂದೂವರೆ ಗಂಟೆ, ಅಂದರೆ ನೇರ ಪ್ರಸಾರದಲ್ಲಿ ಒಟ್ಟು 144 ತೆರೆ-ಗಂಟೆ. ಫೋನಿನಿಂದ ಬಂದದ್ದು 124, ಸಭಾಂಗಣದ್ದು ಒಂದೂವರೆ, ಕೂಡಿದರೆ 125.5. ಉಳಿದ 18.5 ಗಂಟೆ ಲಿಂಕ್ ಬೇರೆಯವರಿಂದ ಪಡೆದು ನೋಡಿದವರದು. ಇದು ಸಹಜ. ಫೋನಿನ ಲೆಕ್ಕ 144ನ್ನು ಬಹಳ ಮೀರಿದ್ದರೆ ಎಲ್ಲೋ ದಾಕ್ಷಿಣ್ಯದ ಉತ್ತರ ಸೇರಿದೆ, ಇಲ್ಲವೇ ಮರುದಿನ ರೆಕಾರ್ಡಿಂಗ್ ನೋಡಿದ್ದನ್ನು ನೇರ ಪ್ರಸಾರವೆಂದು ಹೇಳಿದ್ದಾರೆ ಎಂದು ತಿಳಿಯಬೇಕು. ಪಾಸ್‌ಬುಕ್ಕಿಗೂ ಲೆಡ್ಜರಿಗೂ ತಾಳೆಯಾಗದಿದ್ದರೆ ಮುಂದಕ್ಕೆ ಹೋಗದಂತೆ ಇಲ್ಲೂ ನಿಂತು ನೋಡಬೇಕು.

ದಾನಿಗೆ ಏನು ಬರೆಯಬೇಕು?

264 ಎಂಬುದು 42 ಮನೆಯ ಉತ್ತರದಿಂದ ಬಂದ ಅಂದಾಜು. ಬೇರೆ ಚೀಟಿ ಬಂದಿದ್ದರೆ ಬೇರೆ ಮನೆ, ಬೇರೆ ಸಂಖ್ಯೆ. ಇಷ್ಟು ಸಣ್ಣ ಮಾದರಿಯಲ್ಲಿ ನಿಜ ಸಂಖ್ಯೆ ಸುಮಾರು 200ರಿಂದ 325ರೊಳಗೆ ಇರಬಹುದೆಂದು ಇಟ್ಟುಕೊಳ್ಳುವುದು ಕ್ಷೇಮ. ಬರದೇ ಇರುವ ಲಾಭವನ್ನು ಪುಸ್ತಕದಲ್ಲಿ ತೋರಿಸಬಾರದು ಎಂಬುದು ಲೆಕ್ಕಪತ್ರದ ಹಳೆಯ ನಿಯಮ. ಅದರಂತೆ ಕೆಳಗಿನ ತುದಿಯ 200, ಸಭಾಂಗಣದ ಕಡಿಮೆ ಎಣಿಕೆ 41, ಒಟ್ಟು 241ಕ್ಕೆ 24,100 ರೂಪಾಯಿ ಕೇಳುವುದು ನನಗೆ ಸರಿ ಕಾಣುತ್ತದೆ. ಪೀಕ್ ಸಂಖ್ಯೆಯಂತೆ ಕೇಳಿದ್ದರೆ 12,800 ಮಾತ್ರ ಬರುತ್ತಿತ್ತು. ವಾಟ್ಸಾಪ್ ಉತ್ತರದಿಂದ ತೆರೆಗೆ 3.5 ಎಂದು ಬಂದಿದ್ದರೆ 120 ತೆರೆಗೆ 42,000 ಕೇಳುತ್ತಿದ್ದೆವು, ಅದಕ್ಕೆ ಆಧಾರವಿರುತ್ತಿರಲಿಲ್ಲ.

ಪತ್ರದಲ್ಲಿ 264 ಎಂಬ ಅಂದಾಜನ್ನೂ, ಅದು ಹೇಗೆ ಬಂತೆಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆಯಿರಿ. ಲಿಂಕ್ ಪಡೆದು ನೋಡಿದ ಹೊರಗಿನವರನ್ನು ಸೇರಿಸಿಲ್ಲವೆಂದೂ ತಿಳಿಸಿ. ಹೆಚ್ಚು ಕೊಡುವುದು ಅವರ ಔದಾರ್ಯ.

ಮುಂದಿನ ಕಾರ್ಯಕ್ರಮಕ್ಕೆ ಎರಡು ಕೆಲಸ ಮೊದಲೇ ಮಾಡಿಕೊಳ್ಳಿ. ದಾನಿ ಕೊಡುವುದು ಮನೆಗೋ, ತೆರೆಗೋ, ತಲೆಗೋ ಎಂದು ಮಾತಿನಲ್ಲೇ ಖಚಿತವಾಗಲಿ. ಮನೆ ಲೆಕ್ಕವಾದರೆ ಕೇಳುವುದೂ ಸುಲಭ, ತಪ್ಪುವುದೂ ಕಡಿಮೆ. ಮತ್ತೆ ನೋಂದಣಿ ಫಾರ್ಮಿನಲ್ಲಿ "ಮನೆಗೆ ಒಂದೇ ನೋಂದಣಿ ಸಾಕು" ಎಂದು ಬರೆದು, "ಎಷ್ಟು ಜನ ಒಟ್ಟಿಗೆ ನೋಡುವಿರಿ?" ಎಂಬ ಒಂದು ಪ್ರಶ್ನೆ ಸೇರಿಸಿ. ಆ ಉತ್ತರ ಉದ್ದೇಶ ಮಾತ್ರ, ಹಾಜರಿಯಲ್ಲ. ಆದರೆ ಹತ್ತಕ್ಕಿಂತ ಹೆಚ್ಚು ಬರೆದ ಕಡೆಗಳು ಯಾವುವೆಂದು ಮೊದಲೇ ಗೊತ್ತಾಗುತ್ತದೆ, ಅಲ್ಲಿ ತಲೆ ಎಣಿಸಲು ಒಬ್ಬರನ್ನು ಗೊತ್ತುಮಾಡಬಹುದು.