ನೀರಿನ ಲೆಕ್ಕದ ಚಿತ್ರಪಟ: ನಂಬುವ ಮುನ್ನ ಅಳೆಯಿರಿ

ಬೇಸಗೆ ಬಂತೆಂದರೆ ನೀರಿನ ಬಳಕೆಯನ್ನು ಕುರಿತ ಚಿತ್ರಪಟಗಳು ವಸತಿ ಕಟ್ಟಡಗಳ ಸೂಚನಾಫಲಕದ ಮೇಲೂ ಮೊಬೈಲುಗಳಲ್ಲೂ ಕಾಣಿಸಿಕೊಳ್ಳುತ್ತವೆ. ಇನ್ಫೋಗ್ರಾಫಿಕ್ ಎಂಬ ಹೆಸರಿನಿಂದ ಬಳಕೆಗೆ ಬಂದಿರುವ ಈ ಪಟಗಳಲ್ಲಿ ಅಂಕಿಗಳು ಸರಿಯಾಗಿಯೇ ಇದ್ದರೂ ಚಿತ್ರವು ಬೇರೆಯೇ ಮಾತನ್ನು ಹೇಳುವುದುಂಟು. ಇದನ್ನು ಕಂಡುಹಿಡಿಯಲು ಒಂದು ಅಳತೆಪಟ್ಟಿ ಮತ್ತು ಭಾಗಾಕಾರದ ಲೆಕ್ಕ ಸಾಕು. ಪಾಠಕ್ಕೆಂದು ಒಂದು ಪಟವನ್ನು ನಾವೇ ಕಲ್ಪಿಸಿಕೊಂಡು ಪರೀಕ್ಷಿಸೋಣ.

ಪಟ ಕಲ್ಪಿತವಾದರೂ ಅಂಕಿಗಳು ಕಲ್ಪಿತವಲ್ಲ. ನೀರು ಸರಬರಾಜನ್ನು ಕುರಿತು 1999ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಕೈಪಿಡಿಯು ಒಬ್ಬರಿಗೆ ದಿನಕ್ಕೆ ಇಷ್ಟು ನೀರು ಒದಗಬೇಕೆಂದು ಮೂರು ಪ್ರಮಾಣಗಳನ್ನು ಕೊಟ್ಟಿತು. ನಲ್ಲಿ ನೀರಿದ್ದು ಒಳಚರಂಡಿ ಇಲ್ಲದ ಊರಿಗೆ 70 ಲೀಟರ್, ಒಳಚರಂಡಿ ಇರುವ ನಗರಕ್ಕೆ 135, ಮಹಾನಗರಕ್ಕೆ 150. ನಮ್ಮ ಪಟದಲ್ಲಿ ಇವಕ್ಕೆ ಮೂರು ನಿಲುವು ಪಟ್ಟಿಗಳನ್ನು ಬರೆದು, "ಯಾರು ಎಷ್ಟು ನೀರು ಬಳಸುತ್ತಾರೆ?" ಎಂದು ತಲೆಬರಹ ಕೊಟ್ಟಿದ್ದಾರೆ ಎಂದುಕೊಳ್ಳೋಣ.

ಮೊದಲು ಪಟ್ಟಿಯ ಬುಡವನ್ನು ನೋಡಬೇಕು. ಎಡಗಡೆಯ ಮಾನ ಸೊನ್ನೆಯಿಂದ ಹೊರಡದೆ 60ರಿಂದ ಹೊರಟಿದೆ; ಒಂದು ಸೆಂಟಿಮೀಟರಿಗೆ 10 ಲೀಟರ್. ಆದ್ದರಿಂದ ಸಣ್ಣ ಊರಿನ ಪಟ್ಟಿ 1 ಸೆಂಟಿಮೀಟರ್, ನಗರದ್ದು 7.5, ಮಹಾನಗರದ್ದು 9. ಕಣ್ಣಿಗೆ ಮಹಾನಗರದ ಪಾಲು ಒಂಬತ್ತರಷ್ಟು ಕಾಣುತ್ತದೆ. ಅಂಕಿಗಳನ್ನು ಭಾಗಿಸಿದರೆ 150 ಎಂಬುದು 70ರ ಎರಡರಷ್ಟಕ್ಕಿಂತ ಸ್ವಲ್ಪವೇ ಹೆಚ್ಚು.

ಈ ಅಂತರವನ್ನು ಅಳೆಯಲು ಅಮೆರಿಕದ ಎಡ್ವರ್ಡ್ ಟಫ್ಟೆ 1983ರ ತಮ್ಮ ಗ್ರಂಥದಲ್ಲಿ ಒಂದು ಕ್ರಮವನ್ನು ಹೇಳಿದರು. ಚಿತ್ರದಲ್ಲಿ ಕಾಣುವ ಏರಿಕೆಯನ್ನು ಅಂಕಿಯಲ್ಲಿರುವ ಏರಿಕೆಯಿಂದ ಭಾಗಿಸಬೇಕು. ಇಲ್ಲಿ ಚಿತ್ರ 1ರಿಂದ 9ಕ್ಕೆ, ಅಂದರೆ ಮೊದಲಿನ ಎಂಟರಷ್ಟು ಏರಿದೆ. ಅಂಕಿ ಏರಿದ್ದು 80, ಅದು 70ರ ಏಳರಲ್ಲಿ ಎಂಟು ಪಾಲು. ಭಾಗಿಸಿದರೆ ಬರುವುದು 7. ಪ್ರಾಮಾಣಿಕವಾದ ಪಟದಲ್ಲಿ ಅದು 1ರ ಆಸುಪಾಸಿನಲ್ಲಿರಬೇಕು. ಮಾನವನ್ನು ಸೊನ್ನೆಯಿಂದ ಆರಂಭಿಸಿ, ಸೆಂಟಿಮೀಟರಿಗೆ 20 ಲೀಟರಿನಂತೆ ಬರೆದರೆ ಪಟ್ಟಿಗಳು 3.5, 6.75, 7.5 ಆಗಿ ದೋಷ ನೀಗುತ್ತದೆ.

ಪಟ್ಟಿಯ ಬದಲು ಕೊಡಗಳ ಚಿತ್ರವಿದ್ದರೆ ಮೋಸ ಇನ್ನೊಂದು ಬಗೆಯದು. ಎರಡರಷ್ಟು ನೀರಿಗೆಂದು ಕೊಡವನ್ನು ಎರಡರಷ್ಟು ಎತ್ತರ ಮಾಡಿದಾಗ ಅಗಲವೂ ಎರಡರಷ್ಟಾಗುತ್ತದೆ. ಕಾಗದದ ಮೇಲೆ ಅದು ನಾಲ್ಕರಷ್ಟು ಜಾಗ ಹಿಡಿಯುತ್ತದೆ. ನಿಜವಾದ ಕೊಡವೆಂದು ಭಾವಿಸಿದರಂತೂ ಎಂಟರಷ್ಟು ನೀರು ಹಿಡಿಯಬೇಕು. ವಿಯೆನ್ನಾದ ಆಟೋ ನ್ಯೂರಾತ್ 1920ರ ದಶಕದಲ್ಲೇ ಇದಕ್ಕೆ ಪರಿಹಾರ ತೋರಿಸಿದ್ದರು: ಚಿಹ್ನೆಯನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿಹ್ನೆಗಳನ್ನು ಹೆಚ್ಚಿಸಿ. ಒಂದು ಕೊಡಕ್ಕೆ 10 ಲೀಟರೆಂದು ಇಟ್ಟುಕೊಂಡರೆ 7 ಕೊಡ, 13½ ಕೊಡ, 15 ಕೊಡ. ಮಕ್ಕಳೂ ಎಣಿಸಿ ನೋಡಬಹುದು.

ಇನ್ನು ಬರಹಗಳ ಗೊಂದಲ. ನಮ್ಮ ಪಟದಲ್ಲಿ "150.00 ಲೀಟರ್" ಎಂಬುದು ಪಟ್ಟಿಯ ತಲೆಯ ಮೇಲೂ ಇದೆ, ಒಳಗೂ ಇದೆ, ಪಕ್ಕದ ಮಾನದಲ್ಲೂ ಇದೆ. ಯಾವ ಬಣ್ಣ ಯಾವ ಊರಿನದೆಂಬುದು ಮಾತ್ರ ದೂರದ ಮೂಲೆಯ ಪೆಟ್ಟಿಗೆಯಲ್ಲಿದೆ. ಅಂಕಿಯನ್ನು ಒಮ್ಮೆ ಬರೆದರೆ ಸಾಕು, ದಶಾಂಶದ ಸೊನ್ನೆಗಳು ಬೇಡ. ಊರಿನ ಬಗೆಯನ್ನು ಆಯಾ ಪಟ್ಟಿಯ ಕೆಳಗೇ ಅಡ್ಡಸಾಲಾಗಿ ಬರೆದರೆ ಮೂಲೆಯ ಪೆಟ್ಟಿಗೆಯೇ ಅನಾವಶ್ಯಕ. ಆದರೆ ತೆಗೆಯಬಾರದ ಮಾತುಗಳೂ ಇವೆ. "ಒಬ್ಬರಿಗೆ, ದಿನಕ್ಕೆ" ಎಂಬುದಿಲ್ಲದಿದ್ದರೆ ಓದುಗರು ಅದನ್ನು ಮನೆಯ ಲೆಕ್ಕವೆಂದು ತಿಳಿದಾರು. "ಒಳಚರಂಡಿ ಇದೆ, ಇಲ್ಲ" ಎಂಬುದಿಲ್ಲದಿದ್ದರೆ ವ್ಯತ್ಯಾಸದ ಕಾರಣವೇ ಮರೆಯಾಗುತ್ತದೆ. ಕೊಳವೆಯಲ್ಲಿ ಕೊಳೆ ನಿಲ್ಲದೆ ಸಾಗಬೇಕಾದರೆ ನೀರು ಹೆಚ್ಚು ಬೇಕು.

ಸೊನ್ನೆಯ ನಿಯಮಕ್ಕೂ ಒಂದು ಮಿತಿಯಿದೆ. ಅದು ಉದ್ದದಿಂದ ಅಳೆಯುವ ಪಟ್ಟಿಗಳಿಗೆ ಸಂಬಂಧಿಸಿದ್ದು. ಕನ್ನಂಬಾಡಿ ಕಟ್ಟೆಯ ಪೂರ್ಣಮಟ್ಟ 124.80 ಅಡಿ. ಅಲ್ಲಿ ನೀರು ದಿನದಿನವೂ ಏರಿಳಿಯುವುದನ್ನು ಗೆರೆಯಿಂದ ತೋರಿಸುವಾಗ ಮಾನ ಸೊನ್ನೆಯಿಂದಲೇ ಹೊರಡಬೇಕಾಗಿಲ್ಲ. ಎಲ್ಲಿಂದ ಹೊರಟಿದೆಯೆಂದು ಸ್ಪಷ್ಟವಾಗಿ ಬರೆದರೆ ಸಾಕು. ಆದರೆ ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ, ಅರ್ಧ ಮಟ್ಟವನ್ನು ಅರ್ಧ ನೀರೆಂದು ಓದಬಾರದು.

ಕಡೆಯದಾಗಿ ತಲೆಬರಹ. ಮಾನ ಸರಿಪಡಿಸಿದರೂ ನಮ್ಮ ಪಟದ ಈ ದೋಷ ಉಳಿದೇ ಇರುತ್ತದೆ. ಕೈಪಿಡಿಯ ಅಂಕಿಗಳು ಒದಗಿಸಬೇಕಾದ ನೀರಿನವೇ ಹೊರತು ಜನ ಬಳಸಿದ ನೀರಿನವಲ್ಲ. ಅಂಥ ಪಟವನ್ನು ಸಭೆಯಲ್ಲಿ ಮುಂದಿಟ್ಟು, ಇಂಥವರು ನೀರು ಪೋಲು ಮಾಡುತ್ತಾರೆಂದು ಅವರ ಪಾಲನ್ನು ಕಡಿತ ಮಾಡಿದರೆ ಅದು ಅನ್ಯಾಯವಾದೀತು. ಬಳಕೆಯ ಮಾತನ್ನು ಮೀಟರಿನ ಲೆಕ್ಕವೇ ಹೇಳಬೇಕು. ಈ ಪಟಕ್ಕೆ ಒಪ್ಪುವ ತಲೆಬರಹ: "ಒಬ್ಬರಿಗೆ ದಿನಕ್ಕೆ ಒದಗಬೇಕಾದ ನೀರು, ಲೀಟರುಗಳಲ್ಲಿ, 1999ರ ಕೈಪಿಡಿಯಂತೆ."