ಚುಕ್ಕಿ ಆದಮೇಲೆ ಗುಂಟೆ: ಜಮೀನು ಲಿಸ್ಟಿಂಗ್ ಹಾಕುವ ಮುಂಚೆ

ಹೊಸದಾಗಿ ಸೇರಿದ್ದೀರಿ. ದಢೇಸುಗೂರು, ಸಿಂಧನೂರು, ಮಸ್ಕಿ ಕಡೆಯ ಜಮೀನುಗಳ ಮಾರಾಟದ ಲಿಸ್ಟಿಂಗ್ ಇನ್ನು ನಿಮ್ಮ ಕೈಯಲ್ಲಿ. ಪಬ್ಲಿಷ್ ಒತ್ತುವ ಮುಂಚೆ ಹೀಗೆ ಮಾಡಿ.

1. ಪಹಣಿಯನ್ನು ನೀವೇ ತೆಗೆಯಿರಿ.
ಮಾಲೀಕರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ಹಳೆಯದಿರಬಹುದು. ಭೂಮಿ ವೆಬ್‌ಸೈಟ್‌ನಲ್ಲಿ ಸರ್ವೆ ನಂಬರ್, ಹಿಸ್ಸಾ ಹಾಕಿ ಇವತ್ತಿನದನ್ನು ನೋಡಿ. 9ನೇ ಕಾಲಂನಲ್ಲಿ ಎಷ್ಟು ಹೆಸರಿವೆ ಎಣಿಸಿ. ನಾಲ್ಕು ಹೆಸರಿದ್ದು ಒಬ್ಬರೇ ಮಾತಾಡುತ್ತಿದ್ದರೆ ಉಳಿದ ಮೂವರಿಗೂ ಫೋನ್ ಮಾಡಿ. ಬ್ಯಾಂಕ್ ಸಾಲ 11ನೇ ಕಾಲಂನಲ್ಲಿ ಸಿಗುತ್ತದೆ.

2. ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ.
ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಪಹಣಿಯಲ್ಲಿ 2.30 ಎಂದರೆ 2 ಎಕರೆ 30 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂಮುಕ್ಕಾಲು ಎಕರೆ.

ಒಂದು ಲೆಕ್ಕ ಮಾಡೋಣ. ಒಟ್ಟು ವಿಸ್ತೀರ್ಣ 3.04, ಅದರಲ್ಲಿ ಬಿ ಖರಾಬು 0.14. ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ ಈ ಬಿ ಖರಾಬು. ಮಾರುವ ಲೆಕ್ಕಕ್ಕೆ ಬರುವುದಿಲ್ಲ, ಕಳೆಯಿರಿ. ಕ್ಯಾಲ್ಕುಲೇಟರ್ 2.90 ಎನ್ನುತ್ತದೆ. ಗುಂಟೆಯಲ್ಲಿ 124ರಿಂದ 14 ಕಳೆದರೆ 110, ಅಂದರೆ 2 ಎಕರೆ 30 ಗುಂಟೆ. ಎಕರೆಗೆ 20 ಲಕ್ಷ ಹಿಡಿದರೆ ಬೆಲೆ 55 ಲಕ್ಷ. ಅದೇ 2.30ನ್ನು ನೇರವಾಗಿ 20ರಿಂದ ಗುಣಿಸಿದರೆ 46 ಲಕ್ಷ. ಒಂದು ಚುಕ್ಕಿಯಲ್ಲಿ 9 ಲಕ್ಷ ಹೋಯಿತು!

ಚುಕ್ಕಿಯ ಬಲಕ್ಕೆ 40 ಅಥವಾ ಹೆಚ್ಚು ಕಂಡರೆ ಲೆಕ್ಕ ತಪ್ಪಿದೆ ಎಂದೇ ತಿಳಿಯಿರಿ. ಲಿಸ್ಟಿಂಗ್‌ನಲ್ಲಿ ಚುಕ್ಕಿ ಬೇಡ. ‘2 ಎಕರೆ 30 ಗುಂಟೆ’ ಎಂದು ಅಕ್ಷರದಲ್ಲೇ ಬರೆಯಿರಿ.

3. ‘ಎರಡು ಬೆಳೆ ಗ್ಯಾರಂಟಿ’ ಎಂದು ಬರೆಯಬೇಡಿ.
ತುಂಗಭದ್ರಾ ಎಡದಂಡೆ ಕಾಲುವೆ ನೀರು ನಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ದಿಗಿಲುಬಿದ್ದದ್ದು ಎಲ್ಲರಿಗೂ ನೆನಪಿದೆ. ಯಾವ ವಿತರಣಾ ಕಾಲುವೆ, ಹೊಲ ಅದರ ಮೇಲ್ಭಾಗದಲ್ಲಿದೆಯೋ ಕೊನೆಯಲ್ಲಿದೆಯೋ ಕೇಳಿ. ಒಂದೇ ಕಾಲುವೆಯಾದರೂ ಕೊನೆಯ ಹೊಲಕ್ಕೆ ನೀರು ತಲುಪದೇ ಇರಬಹುದು. ಪಕ್ಕದ ಹೊಲದವರನ್ನೂ ವಿಚಾರಿಸಿ, ಅವರಿಗೆ ಮಾರುವ ಆತುರ ಇರುವುದಿಲ್ಲ. ಹೋದ ಎರಡು ವರ್ಷ ಏನು ಬೆಳೆದರು ಎಂಬುದನ್ನಷ್ಟೇ ಬರೆಯಿರಿ.

4. ‘ಮಂಜೂರು’ ಎಂಬ ಪದ ಕಂಡರೆ ನಿಲ್ಲಿಸಿ.
ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಕಡತವನ್ನು ಸೀನಿಯರ್ ಕೈಗೆ ಕೊಡಿ.

ಟೇಬಲ್ ಮೇಲೆ ಅಂಟಿಸಿಕೊಳ್ಳುವ ಚೆಕ್‌ಲಿಸ್ಟ್:
☐ ಪಹಣಿ ಇವತ್ತಿನದು
☐ ಎಲ್ಲ ಹೆಸರಿನವರೂ ಒಪ್ಪಿದ್ದಾರೆ
☐ ಬಿ ಖರಾಬು ಕಳೆದಿದೆ
☐ ಎಕರೆ, ಗುಂಟೆ ಅಕ್ಷರದಲ್ಲಿದೆ
☐ ಕಾಲುವೆ ವಿವರ ಪಕ್ಕದ ಹೊಲದವರಿಂದ ಖಚಿತ
☐ ಸಾಲ, ಮಂಜೂರಾತಿ ನೋಡಿದೆ
☐ ಫೋಟೊ ಅದೇ ಹೊಲದ್ದು