ದೂರು ಪತ್ರದಲ್ಲಿ ‘ತಾವು’: ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 9
ವಿಷಯ: ಪ್ರಥಮ ಭಾಷೆ ಕನ್ನಡ
ಪಾಠಾಂಶ: ಪತ್ರಲೇಖನ – ಕಂಪನಿಗೆ ದೂರು ಪತ್ರ
ಕಾಲ: 40 ನಿಮಿಷಗಳ ಎರಡು ಅವಧಿ

ಸಂದರ್ಭ

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಕನ್ನಡ ಶಿಕ್ಷಕರು ರಜೆಯಲ್ಲಿದ್ದುದರಿಂದ ಪತ್ರಲೇಖನದ ಎರಡು ಅವಧಿಗಳು ನನಗೆ ಬಂದವು. ಕಲ್ಪಿತ ಸನ್ನಿವೇಶವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಆದರೆ ಒಬ್ಬ ವಿದ್ಯಾರ್ಥಿನಿ, “ಸರ್, ನಮ್ಮ ಮನೇದೇ ಬರೆಯೋಣ್ವಾ?” ಎಂದಳು. ಅವಳ ತಾಯಿ ಚೀಟಿ ದುಡ್ಡಿನಲ್ಲಿ ಕೊಂಡ ಮಿಕ್ಸಿ ಮೂರೇ ವಾರಕ್ಕೆ ಕೆಟ್ಟಿತ್ತು. ರಿಪೇರಿಗೆ ಒಯ್ದವರು ಹಿಂದಿರುಗಿಸಿರಲಿಲ್ಲ. ಪತ್ರವನ್ನು ನಿಜವಾಗಿಯೂ ಕಳಿಸುವುದೆಂದು ತರಗತಿಯಲ್ಲಿ ತೀರ್ಮಾನವಾಯಿತು.

ಮೊದಲ ಅವಧಿ: ನನ್ನ ತಪ್ಪು

‘ನೀನು, ನೀವು ಬೇಡ, ತಾವು ಎಂದು ಬರೆಯಿರಿ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಎಲ್ಲರೂ ಹಾಗೆಯೇ ಬರೆದರು. ಬಂದ ವಾಕ್ಯಗಳಲ್ಲಿ ಎರಡು ಇವು:

“ತಾವು ನಮಗೆ ಮೋಸ ಮಾಡಿ ದುಡ್ಡು ತಿಂದಿದ್ದೀರಿ.”

“ತಾವು ಕರುಣೆ ತೋರಿ ಮಿಕ್ಸಿ ಕೊಡಿಸಬೇಕೆಂದು ಕಾಲಿಗೆ ಬಿದ್ದು ಬೇಡಿಕೊಳ್ಳುತ್ತೇನೆ.”

ಮೊದಲನೆಯದು ಬೈಗುಳ, ಎರಡನೆಯದು ಭಿಕ್ಷೆ. ಎರಡರಲ್ಲೂ ‘ತಾವು’ ಇದೆ. ನಾನು ಸರ್ವನಾಮವನ್ನಷ್ಟೇ ಕಲಿಸಿದ್ದೆ. ಗೌರವ ವಾಕ್ಯದ ಉಳಿದ ಭಾಗದಲ್ಲೂ ಇರಬೇಕೆಂಬುದನ್ನು ಕಲಿಸಿರಲಿಲ್ಲ.

ಎರಡನೇ ಅವಧಿ: ಮೂರು ತಿದ್ದುಪಡಿಗಳು

*ಯಾರಿಗೆ, ಯಾರ ಬಗ್ಗೆ.* ಪತ್ರ ಓದುವ ವ್ಯವಸ್ಥಾಪಕರು ಹೆಣ್ಣೋ ಗಂಡೋ ನಮಗೆ ಗೊತ್ತಿಲ್ಲ. ‘ಮಾನ್ಯರೇ’ ಎಂಬ ಸಂಬೋಧನೆ ಇಬ್ಬರಿಗೂ ಹೊಂದುತ್ತದೆ. ಆದರೆ ಮಕ್ಕಳು ವ್ಯವಸ್ಥಾಪಕರಿಗೆ ‘ಮಾನ್ಯರೇ’ ಎಂದು ಬರೆದು, ಮುಂದಿನ ಸಾಲಿನಲ್ಲೇ ‘ರಿಪೇರಿಯವನು ಬಂದಿದ್ದ’ ಎಂದಿದ್ದರು. ಅದನ್ನು ‘ಸಿಬ್ಬಂದಿಯೊಬ್ಬರು ಬಂದಿದ್ದರು’ ಎಂದು ತಿದ್ದಿದೆವು. ಸಂಸ್ಥೆಗೆ ಮಾತ್ರ ನಪುಂಸಕ ಲಿಂಗದ ಕ್ರಿಯಾಪದ ಸಾಕು: ‘ಸಂಸ್ಥೆಯು ವಾರಂಟಿ ನೀಡಿದೆ’.

ಇಲ್ಲೊಂದು ತೊಡಕೂ ಸಿಕ್ಕಿತು. ‘ತಾವು ಒಂದು ವಾರದಲ್ಲಿ ತರುವುದಾಗಿ ಸಿಬ್ಬಂದಿ ಹೇಳಿದರು’ ಎಂದು ಒಬ್ಬ ಬರೆದಿದ್ದ. ತರುವವರು ಸಿಬ್ಬಂದಿಯೋ, ಪತ್ರ ಓದುತ್ತಿರುವ ವ್ಯವಸ್ಥಾಪಕರೋ? ‘ತಾವು’ ಎದುರಿನವರಿಗೂ ಸಲ್ಲುತ್ತದೆ, ಹೇಳಿದವರನ್ನೇ ಮರಳಿ ಸೂಚಿಸಲೂ ಬರುತ್ತದೆ. ಇಂಥ ಕಡೆ ಸರ್ವನಾಮವನ್ನು ಬಿಡುವುದೇ ಸರಿ.

*ದೋಷ ಯಾರದು.* ‘ಮೋಸ ಮಾಡಿದ್ದೀರಿ’ ಎಂಬುದು ಓದುವ ವ್ಯಕ್ತಿಯ ಮೇಲಿನ ಆರೋಪ. ‘ಮೋಟಾರಿನಿಂದ ಸುಟ್ಟ ವಾಸನೆ ಬಂದು ಯಂತ್ರ ನಿಂತಿತು’ ಎಂಬುದು ನಡೆದ ಸಂಗತಿ. ಕರ್ತೃವಿನ ಜಾಗದಲ್ಲಿ ವಸ್ತುವನ್ನಿಟ್ಟರೆ ಬೈಗುಳ ತಾನಾಗಿ ಇಳಿಯುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಒಬ್ಬಳು ‘ಮಿಕ್ಸಿಯನ್ನು ಕೊಂಡೊಯ್ಯಲಾಯಿತು’ ಎಂದು ಬರೆದಳು. ಯಾರು ಒಯ್ದರೆಂಬುದು ಮರೆಯಾದರೆ ದೂರಿನ ತಳಪಾಯವೇ ಹೋಗುತ್ತದೆ. ಮನುಷ್ಯರು ಮಾಡಿದ ಕೆಲಸಕ್ಕೆ ಕರ್ತೃವನ್ನೂ ದಿನಾಂಕವನ್ನೂ ಬರೆಯಬೇಕು.

*ಕೇಳುವ ಕ್ರಿಯಾಪದ.* ‘ಕೊಡ್ರಿ’, ‘ಕೋರುತ್ತೇನೆ’, ‘ಬೇಡಿಕೊಳ್ಳುತ್ತೇನೆ’ ಈ ಮೂರನ್ನು ಹಲಗೆಯ ಮೇಲೆ ಸಾಲಾಗಿ ಬರೆದೆ. ಮೊದಲನೆಯದು ಆಡುಮಾತಿನ ಆಜ್ಞೆ. ಕೊನೆಯದು ನಮಗೆ ಹಕ್ಕಿಲ್ಲದ್ದನ್ನು ಕೇಳುವ ರೀತಿ. ವಾರಂಟಿ ಇರುವಾಗ ನಡುವಿನದೇ ಸರಿ. ಅದರ ಜೊತೆಗೆ ಗಡುವನ್ನೂ ಹೇಳಬಹುದು. ಗಡುವು ಹೇಳಿದರೆ ಗೌರವ ಕಡಿಮೆಯಾಗುವುದಿಲ್ಲ.

ತಾಯಿಯ ಹೆಸರಿನಲ್ಲಿ ಸಿದ್ಧವಾದ ಪತ್ರದ ಒಡಲು

> ಮಾನ್ಯರೇ,
>
> ತಮ್ಮ ಸಂಸ್ಥೆಯ ಮಿಕ್ಸಿಯನ್ನು ಜುಲೈ 8ರಂದು ರೂ. 3,200ಕ್ಕೆ ಖರೀದಿಸಿದ್ದೇನೆ. ಜುಲೈ 29ರಂದು ಬಳಸುತ್ತಿದ್ದಾಗ ಮೋಟಾರಿನಿಂದ ಸುಟ್ಟ ವಾಸನೆ ಬಂದು ಯಂತ್ರ ನಿಂತಿತು. ಆಗಸ್ಟ್ 2ರಂದು ತಮ್ಮ ಸೇವಾ ಕೇಂದ್ರದ ಸಿಬ್ಬಂದಿಯೊಬ್ಬರು ಅದನ್ನು ಕೊಂಡೊಯ್ದು, ಒಂದು ವಾರದಲ್ಲಿ ದುರಸ್ತಿಪಡಿಸಿ ತರುವುದಾಗಿ ತಿಳಿಸಿದ್ದರು. ಈವರೆಗೆ ತಂದುಕೊಟ್ಟಿಲ್ಲ. ಮಿಕ್ಸಿಗೆ ಎರಡು ವರ್ಷಗಳ ವಾರಂಟಿ ಇದೆ. ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ದುರಸ್ತಿಪಡಿಸಿ ಹಿಂದಿರುಗಿಸಬೇಕೆಂದೂ, ಅದು ಸಾಧ್ಯವಾಗದಿದ್ದಲ್ಲಿ ಬದಲಿ ಮಿಕ್ಸಿ ನೀಡಬೇಕೆಂದೂ ಕೋರುತ್ತೇನೆ. ರಸೀದಿ ಮತ್ತು ವಾರಂಟಿ ಕಾರ್ಡಿನ ನಕಲುಗಳನ್ನು ಲಗತ್ತಿಸಿದ್ದೇನೆ.
>
> ಇಂತಿ ತಮ್ಮ ವಿಶ್ವಾಸಿ

ಮೌಲ್ಯಮಾಪನ ಮತ್ತು ಚಿಂತನೆ

ಪತ್ರದಲ್ಲಿ ‘ತಾವು’ ಎಷ್ಟು ಸಲ ಬಂದಿದೆ ಎಂದು ಎಣಿಸಲು ಹೇಳಿದೆ. ಒಮ್ಮೆಯೂ ಇಲ್ಲ, ‘ತಮ್ಮ’ ಮೂರು ಸಲ ಇದೆ, ಅಷ್ಟೇ. “ಹಾಗಾದ್ರೆ ಗೌರವ ಎಲ್ಲಿದೆ ಸರ್?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಹಲಗೆಗೆ ಬಂದು ಗೆರೆ ಎಳೆಯಲು ಅವನಿಗೇ ಹೇಳಿದೆ. ‘ಸಿಬ್ಬಂದಿಯೊಬ್ಬರು’, ‘ತಿಳಿಸಿದ್ದರು’, ‘ಕೋರುತ್ತೇನೆ’ ಎಂಬ ಪದಗಳ ಕೆಳಗೆ ಅವನು ಗೆರೆ ಎಳೆದ.

ಮುಂದೆ ಈ ಪಾಠ ಮಾಡಿದರೆ ಸರ್ವನಾಮದಿಂದ ಆರಂಭಿಸುವುದಿಲ್ಲ. ಮಕ್ಕಳ ಕೋಪದ ವಾಕ್ಯವನ್ನೇ ಮೊದಲು ಬರೆಸಿ, ಅದರ ಕರ್ತೃವನ್ನೂ ಕ್ರಿಯಾಪದವನ್ನೂ ತಿದ್ದಿಸುತ್ತೇನೆ. ತಾಯಿ ಸಹಿ ಹಾಕುವ ಮೊದಲು ಪತ್ರವನ್ನು ಮಗಳಿಂದ ಎರಡು ಸಲ ಓದಿಸಿಕೊಂಡರಂತೆ. ಅಂಚೆಗೆ ಹಾಕಿ ಆರು ದಿನಗಳಾಗಿವೆ. ಉತ್ತರ ಇನ್ನೂ ಬರಬೇಕಿದೆ.